ಕ್ಲೇಮು ಬಾರದಿದ್ದರೆ ಬರೆಯಬೇಕಾದ ಎರಡನೇ ಪತ್ರ

ಮನೆಯ ದುಡಿಯುವ ಜೀವ ಹೋದ ಮೇಲೆ ವಿಮೆಯ ಹಣಕ್ಕಾಗಿ ಕುಟುಂಬದವರು ಶಾಖೆಗೆ ಅಲೆಯುತ್ತಾರೆ. 'ಹೆಡ್ ಆಫೀಸಿಗೆ ಕಳಿಸಿದ್ದೇವೆ', 'ಮುಂದಿನ ವಾರ ಬನ್ನಿ' ಎಂಬ ಉತ್ತರ ಸಿಗುತ್ತದೆ. ತಿಂಗಳುಗಟ್ಟಲೆ ಹೀಗೆ ತಿರುಗಿದರೂ ಅದಕ್ಕೆ ದಾಖಲೆ ಇರುವುದಿಲ್ಲ. ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿಕೊಂಡರೂ ನಿಯಮದ ಕಣ್ಣಿಗೆ ಅದು ದೂರಾಗುವುದಿಲ್ಲ. ದೂರು ಆಗಬೇಕಾದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ಪತ್ರ ತಲುಪಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ ಗಡುವುಗಳನ್ನು ಬಿಗಿಗೊಳಿಸಿತು. ತನಿಖೆ ಬೇಡದ ಮರಣ ಕ್ಲೇಮನ್ನು 15 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ತನಿಖೆ ಬೇಕೆನಿಸಿದರೆ 45 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ 'ಬ್ಯಾಂಕ್ ದರ'ಕ್ಕೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು.

ಒಂದು ಉದಾಹರಣೆ ನೋಡೋಣ. ಹಾವೇರಿ ಕಡೆಯ ರೈತನೊಬ್ಬ 2019ರಲ್ಲಿ 10 ಲಕ್ಷ ರೂಪಾಯಿಯ ಪಾಲಿಸಿ ಮಾಡಿಸಿ, ಕಂತು ತಪ್ಪದೆ ಕಟ್ಟಿದ್ದ ಎಂದಿಟ್ಟುಕೊಳ್ಳಿ. ಆತ ತೀರಿಕೊಂಡ ಮೇಲೆ, ನಾಮಿನಿಯಾದ ಹೆಂಡತಿ 2025ರ ಜೂನ್ 2ರಂದು ಕ್ಲೇಮು ಫಾರ್ಮು, ಮರಣ ಪ್ರಮಾಣಪತ್ರ, ಮೂಲ ಪಾಲಿಸಿ, ಗುರುತಿನ ಚೀಟಿ, ಪಾಸ್‌ಬುಕ್ಕಿನ ಪ್ರತಿ ಎಲ್ಲವನ್ನೂ ಒಟ್ಟಿಗೇ ಶಾಖೆಗೆ ಕೊಟ್ಟು, ತನ್ನ ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಂಡಳು. ಆ ಸೀಲೇ ಮುಂದಿನ ಎಲ್ಲ ಲೆಕ್ಕಕ್ಕೆ ಆಧಾರ. ಕಾಗದಗಳನ್ನು ಏಜೆಂಟರ ಕೈಗಿಟ್ಟು ಸುಮ್ಮನಾಗಿದ್ದರೆ ಕಂಪನಿಗೆ ಅವು ಎಂದು ತಲುಪಿದವು ಎಂಬುದೇ ವಾದವಾಗುತ್ತಿತ್ತು.

ಜೂನ್ 17ಕ್ಕೆ 15 ದಿನ ಮುಗಿಯಿತು. ಹಣ ಬರಲಿಲ್ಲ. ವಿಚಾರಿಸಿದರೆ 'ತನಿಖೆ ನಡೀತಿದೆಯಮ್ಮ' ಎಂದರು. ಆಕೆ ಎರಡು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿದಳು: ತನಿಖೆ ಆರಂಭವಾಗಿದೆಯೇ? ಇನ್ನೂ ಬೇಕಾದ ದಾಖಲೆಗಳ ಪೂರ್ಣ ಪಟ್ಟಿ ಯಾವುದು? ಇದು ಮುಖ್ಯ. ವಾರಕ್ಕೊಂದು ಹೊಸ ಕಾಗದ ಕೇಳುತ್ತಾ ಹೋದರೆ ವಿಳಂಬದ ಹೊಣೆ ಕುಟುಂಬದ ತಲೆಗೆ ಬರುತ್ತದೆ. ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ವಿಮಾ ಕಾಯ್ದೆಯ 45ನೇ ಕಲಮಿನಂತೆ, ಹಳೆಯ ಕಾಯಿಲೆ ಮುಚ್ಚಿಟ್ಟಿದ್ದರು ಎಂಬ ಕಾರಣಕ್ಕೆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಎಂಬುದೂ ಆಕೆಯ ಪರವಾಗಿದೆ.

ಜುಲೈ 17ಕ್ಕೆ 45 ದಿನವೂ ಕಳೆಯಿತು. ಮರುದಿನವೇ ಆಕೆ ಎರಡನೇ ಪತ್ರ ಬರೆದಳು. ಕುಂದುಕೊರತೆ ಅಧಿಕಾರಿಯ ವಿಳಾಸ ಪಾಲಿಸಿ ದಾಖಲೆಯಲ್ಲೇ ಮುದ್ರಿತವಾಗಿರುತ್ತದೆ. ಪತ್ರ ಒಂದು ಪುಟ ಇದ್ದರೆ ಸಾಕು. ಮೇಲುಗಡೆ 'ಮರಣ ಕ್ಲೇಮು ಪಾವತಿ ವಿಳಂಬದ ವಿರುದ್ಧ ದೂರು' ಎಂಬ ವಿಷಯ. ಕೆಳಗೆ ಪಾಲಿಸಿ ಸಂಖ್ಯೆ, ಸಾವಿನ ದಿನಾಂಕ, ದಾಖಲೆ ಕೊಟ್ಟ ದಿನಾಂಕ, ಗಡುವು ಮುಗಿದ ದಿನಾಂಕ. ಕೊನೆಗೆ ಬೇಡಿಕೆ: ಕ್ಲೇಮಿನ ಮೊತ್ತ ಮತ್ತು ಬಡ್ಡಿ. 'ದಯವಿಟ್ಟು ಬೇಗ ಮಾಡಿಕೊಡಿ' ಎಂದಷ್ಟೇ ಬರೆದರೆ ಅದನ್ನು ವಿಚಾರಣೆಯ ಪತ್ರವೆಂದು ಪಕ್ಕಕ್ಕಿಡಬಹುದು. 'ದೂರು' ಎಂಬ ಪದ ಇರಲೇಬೇಕು. ಇ-ಮೇಲ್‌ನಲ್ಲಿ ಕಳಿಸಿ, ಒಂದು ಪ್ರತಿಯನ್ನು ಶಾಖೆಗೂ ಕೊಟ್ಟು ಸೀಲು ಹಾಕಿಸಿ, ದೂರಿನ ಸಂಖ್ಯೆ ಪಡೆಯಬೇಕು.

ಈ ದೂರನ್ನು ಕಂಪನಿ 14 ದಿನಗಳಲ್ಲಿ, ಅಂದರೆ ಆಗಸ್ಟ್ 1ರೊಳಗೆ, ಬಗೆಹರಿಸಬೇಕು. ಅಂದೇ ಹಣ ಬಂದರೆ ಬಡ್ಡಿ ಎಷ್ಟು? ಆ ಆರ್ಥಿಕ ವರ್ಷದ ಆರಂಭದಲ್ಲಿ ಬ್ಯಾಂಕ್ ದರ ಶೇ. 6.5 ಇತ್ತು, ಎರಡು ಸೇರಿದರೆ ಶೇ. 8.5. ಹತ್ತು ಲಕ್ಷಕ್ಕೆ 60 ದಿನದ ಬಡ್ಡಿ ಸುಮಾರು 13,970 ರೂಪಾಯಿ. ಖಾತೆಗೆ ಅಸಲಷ್ಟೇ ಬಂದಿದ್ದರೆ ಬಡ್ಡಿಗಾಗಿ ಮತ್ತೆ ಬರೆಯಬೇಕು.

ಆಗಲೂ ಉತ್ತರವಿಲ್ಲದಿದ್ದರೆ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆದರೆ ಪ್ರಾಧಿಕಾರ ದೂರನ್ನು ಕಂಪನಿಗೇ ಕಳಿಸಿ ಉತ್ತರ ಕೇಳುತ್ತದೆ, ತಾನೇ ತೀರ್ಪು ಕೊಡುವುದಿಲ್ಲ. ತೀರ್ಪು ಕೊಡುವವರು ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಪರಿಹಾರದ ಮಿತಿ 50 ಲಕ್ಷ ರೂಪಾಯಿ.

ಎರಡನೇ ಪತ್ರದ ನಿಜವಾದ ಬೆಲೆ ತಿಳಿಯುವುದು ಇಲ್ಲೇ. ಕಂಪನಿಗೆ ಮೊದಲು ಲಿಖಿತ ದೂರು ಕೊಟ್ಟಿರದಿದ್ದರೆ ಒಂಬುಡ್ಸ್‌ಮನ್ ಪ್ರಕರಣವನ್ನು ತೆಗೆದುಕೊಳ್ಳುವುದಿಲ್ಲ. ಕೊಟ್ಟಿದ್ದು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬಾಗಿಲು ತೆರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಆಗಸ್ಟ್ 18 ಕಳೆದ ಮೇಲೆ. ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. ಅದೇ ವಿಷಯಕ್ಕೆ ಗ್ರಾಹಕ ಆಯೋಗದಲ್ಲಿ ಕೇಸು ಹಾಕಿದ್ದರೆ ಒಂಬುಡ್ಸ್‌ಮನ್ ದಾರಿ ಮುಚ್ಚುತ್ತದೆ. ಹಾಗಾಗಿ ಮೊದಲು ಒಂಬುಡ್ಸ್‌ಮನ್ ಬಳಿ ಹೋಗುವುದೇ ಜಾಣತನ: ಅವರ ಆದೇಶವನ್ನು ಕಂಪನಿ 30 ದಿನದೊಳಗೆ ಪಾಲಿಸಲೇಬೇಕು, ಆದರೆ ದೂರುದಾರರಿಗೆ ಅದು ಸಮಾಧಾನ ತರದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ಉಳಿದೇ ಇರುತ್ತದೆ.