ಪಟ್ಟ ಯಾರಿಗೆ? ಕತೆಗಾಗಿ ಒಂದು ರಾಜ್ಯ ಕಟ್ಟುವಾಗ

ಕಲ್ಪನೆಯ ರಾಜ್ಯವೊಂದರಲ್ಲಿ ಪಟ್ಟದ ಜಗಳ ಹುಟ್ಟಿಸಲು ಹೊರಟ ಲೇಖಕರು ಸಾಮಾನ್ಯವಾಗಿ ಮೊದಲು ಒಬ್ಬ ದುಷ್ಟ ಚಿಕ್ಕಪ್ಪನನ್ನು ಹುಡುಕುತ್ತಾರೆ. ಅವನು ವಿಷ ಹಾಕಿಸುತ್ತಾನೆ, ಸುಳ್ಳು ಪತ್ರ ಬರೆಸುತ್ತಾನೆ, ಕೊನೆಗೆ ಸಿಕ್ಕಿಬೀಳುತ್ತಾನೆ. ಅದು ಅಪರಾಧದ ಕತೆಯಾಗುತ್ತದೆಯೇ ಹೊರತು ಉತ್ತರಾಧಿಕಾರದ ಕತೆಯಾಗುವುದಿಲ್ಲ. ಆ ಚಿಕ್ಕಪ್ಪನನ್ನು ತೆಗೆದುಹಾಕಿದರೆ ಜಗಳವೂ ಮುಗಿಯುತ್ತದೆಯೆಂದಾದರೆ, ಅಲ್ಲಿ ಬಿಕ್ಕಟ್ಟು ಇರಲೇ ಇಲ್ಲ. ಇಬ್ಬರು ಪ್ರಾಮಾಣಿಕರು ಒಂದೇ ಕಟ್ಟಳೆಯನ್ನು ಓದಿ, ಇಬ್ಬರೂ ತಮ್ಮದೇ ನ್ಯಾಯವೆಂದು ನಂಬುವಂತಾದಾಗ ಮಾತ್ರ ರಾಜ್ಯ ನಿಜವಾಗಿ ಬಿರುಕು ಬಿಡುತ್ತದೆ. ಹಾಗಾಗಿ ಪಾತ್ರಗಳಿಗೆ ಹೆಸರಿಡುವ ಮೊದಲು ಕಾನೂನು ಬರೆಯಬೇಕು.

ಇದಕ್ಕೆ ಇತಿಹಾಸದಲ್ಲಿ ಸ್ಕಾಟ್ಲೆಂಡಿಗಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ. 1286ರ ಮಾರ್ಚ್‌ನಲ್ಲಿ ಅಲ್ಲಿನ ದೊರೆ ಮೂರನೇ ಅಲೆಗ್ಸಾಂಡರ್ ರಾತ್ರಿಯ ಬಿರುಗಾಳಿಯಲ್ಲಿ ಕುದುರೆ ಏರಿ ಹೊರಟವನು ದಾರಿಯಲ್ಲೇ ಸತ್ತ. ಅವನ ಮೂವರು ಮಕ್ಕಳೂ ಅವನಿಗಿಂತ ಮೊದಲೇ ತೀರಿಕೊಂಡಿದ್ದರು. ಉಳಿದವಳು ನಾರ್ವೆಯಲ್ಲಿದ್ದ ಪುಟ್ಟ ಮೊಮ್ಮಗಳು ಮಾರ್ಗರೆಟ್. 1290ರಲ್ಲಿ ಸ್ಕಾಟ್ಲೆಂಡಿಗೆ ಬರುತ್ತಿದ್ದ ಅವಳು ಆರ್ಕ್ನಿ ದ್ವೀಪದಲ್ಲಿ ತೀರಿಕೊಂಡಳು. ಹದಿಮೂರು ಮಂದಿ ಪಟ್ಟ ತಮ್ಮದೆಂದು ಮುಂದೆ ಬಂದರು. ಗಟ್ಟಿ ಹಕ್ಕಿದ್ದವರು ಇಬ್ಬರೇ, ಇಬ್ಬರೂ ಹಿಂದಿನ ರಾಜವಂಶದ ಡೇವಿಡ್ ಎಂಬ ಸರದಾರನ ಹೆಣ್ಣುಮಕ್ಕಳ ಸಂತತಿ. ಜಾನ್ ಬೇಲಿಯಲ್ ಹಿರಿಯ ಮಗಳ ಮೊಮ್ಮಗ. ರಾಬರ್ಟ್ ಬ್ರೂಸ್ ಎರಡನೇ ಮಗಳ ಮಗ.

ಬೇಲಿಯಲ್ ವಾದ ಸರಳವಾಗಿತ್ತು: ಹಿರಿಯ ಕವಲು ಮುಗಿಯುವ ತನಕ ಕಿರಿಯ ಕವಲಿಗೆ ಹಕ್ಕಿಲ್ಲ. ಬ್ರೂಸ್ ಹೇಳಿದ್ದು: ಡೇವಿಡ್‌ಗೆ ನಾನು ಮೊಮ್ಮಗ, ಅವನು ಮರಿಮಗ. ಒಂದು ತಲೆಮಾರು ನಾನೇ ಹತ್ತಿರ. ಇಬ್ಬರೂ ಸುಳ್ಳು ಹೇಳಲಿಲ್ಲ. ಹಿರಿತನವನ್ನು ಕವಲಿನಿಂದ ಎಣಿಸಬೇಕೋ, ರಕ್ತದ ಹತ್ತಿರದಿಂದ ಎಣಿಸಬೇಕೋ ಎಂದು ಆ ದೇಶದ ಸಂಪ್ರದಾಯ ಎಲ್ಲಿಯೂ ಖಚಿತವಾಗಿ ಹೇಳಿರಲಿಲ್ಲ, ಏಕೆಂದರೆ ಬಹುಕಾಲ ಆ ಪ್ರಶ್ನೆಯೇ ಎದ್ದಿರಲಿಲ್ಲ. ಮೂರನೇ ಮಗಳ ಮೊಮ್ಮಗ ಜಾನ್ ಹೇಸ್ಟಿಂಗ್ಸ್ ಇನ್ನೊಂದು ವಾದ ತಂದ: ಹೆಣ್ಣುಮಕ್ಕಳಿಗೆ ಬಂದ ಆಸ್ತಿಯನ್ನು ಸಮನಾಗಿ ಹಂಚುವುದು ರೂಢಿ, ರಾಜ್ಯವನ್ನೂ ಮೂರು ಪಾಲು ಮಾಡಿ.

ಈಗ ನಮ್ಮದೇ ಒಂದು ರಾಜ್ಯ ಕಟ್ಟೋಣ. ಹೆಸರು ತುಂಬೆನಾಡು ಎಂದಿರಲಿ. ಘಟ್ಟದ ಮೇಲಿನ ಈ ನಾಡಿನ ರಾಜಧಾನಿಯಲ್ಲಿ ಒಂದು ಶಿಲಾಶಾಸನವಿದೆ. ಅದರಲ್ಲಿ ಎರಡೇ ಮಾತು: ಅರಸನ ನಂತರ ಅವನ ಹಿರಿಯ ಮಗನಿಗೆ ಪಟ್ಟ, ಪಟ್ಟ ಬರಿದಾಗಿ ಇರಕೂಡದು. ಮುದಿ ಅರಸ ಸೋಮರಸನಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ನಾಗರಸ ಕಾರ್ತಿಕ ಮಾಸದಲ್ಲಿ ಜ್ವರದಿಂದ ಸತ್ತ. ಆಗ ಅವನ ಹೆಂಡತಿ ಚೆನ್ನಾಜಿ ಐದು ತಿಂಗಳ ಬಸುರಿ. ಪುಷ್ಯದಲ್ಲಿ ಸೋಮರಸನೂ ಕಣ್ಣುಮುಚ್ಚಿದ. ಕಿರಿಯ ಮಗ ಬೊಮ್ಮರಸ ಮೂವತ್ತೆಂಟರ ಪ್ರಾಯದವನು, ಕೋಟೆಯ ಪಡೆ ಅವನ ಕೈಯಲ್ಲಿದೆ.

ಶಾಸನದ ಎರಡು ಮಾತುಗಳು ಈಗ ಒಂದನ್ನೊಂದು ಹಿಡಿದು ಎಳೆಯತೊಡಗುತ್ತವೆ. ಬದುಕಿರುವವರಲ್ಲಿ ಹಿರಿಯ ಮಗ ನಾನೇ, ಪಟ್ಟ ಒಂದು ದಿನವೂ ಬರಿದಾಗಿರಬಾರದು ಎನ್ನುತ್ತಾನೆ ಬೊಮ್ಮರಸ. ಹಿರಿಯ ಮಗನ ಹಕ್ಕು ಅವನ ಮಗುವಿಗೆ ಇಳಿಯುತ್ತದೆ, ಎರಡು ತಿಂಗಳು ತಡೆಯಿರಿ ಎನ್ನುತ್ತಾರೆ ಚೆನ್ನಾಜಿಯ ತವರಿನವರು. ಹುಟ್ಟುವುದು ಹೆಣ್ಣಾದರೆ? ಶಾಸನದಲ್ಲಿ ಹೆಣ್ಣಿನ ಮಾತೇ ಇಲ್ಲ. ಕೂಡದೆಂದೂ ಇಲ್ಲ, ಕೊಡಿರೆಂದೂ ಇಲ್ಲ.

ಇದು ಅತಿಯಾದ ಕಲ್ಪನೆ ಎನಿಸಿದರೆ 1316ರ ಫ್ರಾನ್ಸನ್ನು ನೋಡಬೇಕು. ದೊರೆ ಹತ್ತನೇ ಲೂಯಿ ಸತ್ತಾಗ ರಾಣಿ ಬಸುರಿ, ಮೊದಲ ಹೆಂಡತಿಯ ಪುಟ್ಟ ಮಗಳು ಜೋನ್ ಇದ್ದಳು. ಲೂಯಿಯ ತಮ್ಮ ಫಿಲಿಪ್ ರಾಜ್ಯಭಾರ ವಹಿಸಿಕೊಂಡ. ನವೆಂಬರ್‌ನಲ್ಲಿ ಗಂಡುಮಗು ಹುಟ್ಟಿತು, ಐದು ದಿನ ಬದುಕಿತ್ತು. ಫಿಲಿಪ್ ಆ ಪುಟ್ಟ ಜೋನ್‌ಳನ್ನು ಬದಿಗಿಟ್ಟು ತಾನೇ ಕಿರೀಟ ಧರಿಸಿದ. ಮುಂದಿನ ವರ್ಷ ಸಭೆ ಸೇರಿಸಿ, ಫ್ರಾನ್ಸಿನ ಪಟ್ಟ ಹೆಣ್ಣಿಗೆ ಸಲ್ಲದು ಎಂದು ಹೇಳಿಸಿದ. ಕಾನೂನು ಮೊದಲಿದ್ದು ಅವನು ದೊರೆಯಾದದ್ದಲ್ಲ. ಅವನು ದೊರೆಯಾದ ಮೇಲೆ ಕಾನೂನು ಬಂತು.

ತುಂಬೆನಾಡಿಗೆ ಮೂರನೆಯ ಹಕ್ಕುದಾರನನ್ನು ತರಬೇಕು. ಇನ್ನೊಬ್ಬ ತಮ್ಮನನ್ನು ಸೇರಿಸಿದರೆ ಗದ್ದಲ ಹೆಚ್ಚುತ್ತದೆ, ಆಳ ಹೆಚ್ಚುವುದಿಲ್ಲ. ಮೂರನೆಯವನು ಬೇರೆ ಕಾನೂನನ್ನೇ ಹಿಡಿದು ಬರಬೇಕು. ನಮ್ಮ ಕರಾವಳಿಯಲ್ಲೇ ಇದಕ್ಕೆ ದಾರಿಯಿದೆ. ತುಳುನಾಡಿನ ಹಲವು ಮನೆತನಗಳಲ್ಲಿ ಹಕ್ಕು ತಂದೆಯಿಂದ ಮಗನಿಗಲ್ಲ, ಸೋದರಮಾವನಿಂದ ಸೋದರಿಯ ಮಕ್ಕಳಿಗೆ ಇಳಿಯುತ್ತಿತ್ತು. ಅದೇ ಅಳಿಯಸಂತಾನ ಕಟ್ಟು. ಉಳ್ಳಾಲದ ಅಬ್ಬಕ್ಕ ಅಧಿಕಾರ ಪಡೆದದ್ದು ಸೋದರಮಾವ ತಿರುಮಲರಾಯನಿಂದ.

ಸೋಮರಸನ ತಾಯಿ ಕರಾವಳಿಯ ಬಂದರುಸೀಮೆಯ ರಾಣಿಯಾಗಿದ್ದಳು ಎಂದಿಟ್ಟುಕೊಳ್ಳಿ. ಅವಳ ಮದುವೆಯ ದಿನ ಬರೆದ ಕರಾರಿನಲ್ಲಿ, ಕೆಳಗಿನ ಸೀಮೆಯ ಕಟ್ಟುಕಟ್ಟಳೆ ಮೊದಲಿನಂತೆಯೇ ನಡೆಯತಕ್ಕದ್ದು ಎಂದಿದೆ. ಸೋಮರಸ ಆಳಿದಷ್ಟು ಕಾಲ ತೊಂದರೆಯಿರಲಿಲ್ಲ. ಘಟ್ಟದ ಮೇಲೆ ಅವನು ತಂದೆಯ ಮಗ, ಕೆಳಗೆ ತಾಯಿಯ ಮನೆತನದವನು. ಎರಡೂ ಕಾನೂನು ಒಬ್ಬನನ್ನೇ ತೋರಿಸುತ್ತಿದ್ದವು. ಅವನು ಸತ್ತ ಕೂಡಲೇ ಎರಡೂ ಬೇರೆ ಬೇರೆಯವರನ್ನು ತೋರಿಸುತ್ತವೆ. ಅಳಿಯಸಂತಾನದ ಪ್ರಕಾರ ಬಂದರುಸೀಮೆ ಸೋಮರಸನ ತಂಗಿಯ ಮಗ ದುಗ್ಗಣ್ಣನಿಗೆ ಹೋಗಬೇಕು. ಕಟ್ಟುಕಟ್ಟಳೆ ಎಂಬುದು ಗೇಣಿ, ಸುಂಕಗಳಿಗಷ್ಟೇ ಅನ್ವಯವೋ, ಅರಸೊತ್ತಿಗೆಗೂ ಅನ್ವಯವೋ? ಬರೆದವರು ಯಾರೂ ಬದುಕಿಲ್ಲ. ಒಂದು ಇಡೀ ಆಳ್ವಿಕೆಯುದ್ದಕ್ಕೂ ಎಲ್ಲರ ಕಣ್ಣೆದುರೇ ಇದ್ದು ಯಾರೂ ಗಮನಿಸದೆ ಹೋದ ಇಂಥ ಮಾತು ಕತೆಗೆ ಬೇಕಾದ ಲೋಪ. ಕೊನೆಯ ಅಧ್ಯಾಯದಲ್ಲಿ ಪೆಟ್ಟಿಗೆಯೊಳಗೆ ಸಿಗುವ ರಹಸ್ಯ ಪತ್ರಕ್ಕೆ ಈ ಬಲವಿಲ್ಲ.

ಬಣಗಳನ್ನು ಕಟ್ಟುವಾಗ ಬಹಳ ಮಂದಿ ಎಡವುತ್ತಾರೆ. ಬೊಮ್ಮರಸನ ಬಣ, ಚೆನ್ನಾಜಿಯ ಬಣ ಎಂದು ಗೆರೆ ಎಳೆದು, ಆಯಾ ಬಣದವರಿಗೆಲ್ಲ ತಮ್ಮ ಧಣಿಯ ಮೇಲೆ ಪ್ರೀತಿಯಿದೆ ಎಂದು ಬರೆದುಬಿಡುತ್ತಾರೆ. ಜನ ಹಾಗೆ ಸೇರುವುದಿಲ್ಲ. ಪ್ರತಿ ಬಣದ ಹಿಂದೆ ಕಳೆದುಕೊಳ್ಳುವ ಏನೋ ಒಂದು ಇರಬೇಕು. ಕೋಟೆಯ ಸಿಪಾಯಿಗಳಿಗೆ ಆರು ತಿಂಗಳ ಸಂಬಳ ಬಾಕಿ ಇದೆ, ಅದನ್ನು ಕೊಡುತ್ತೇನೆಂದು ಮಾತು ಕೊಟ್ಟವನು ಬೊಮ್ಮರಸ. ಭಂಡಾರದ ಬೊಕ್ಕಸಿಗನಿಗೆ ಲೆಕ್ಕ ಕೇಳುವ ಪ್ರಾಯದ ಅರಸ ಬೇಡ, ಹದಿನಾರು ವರ್ಷ ತೊಟ್ಟಿಲಿನಿಂದ ಬೆಳೆಯುವ ಅರಸ ಬೇಕು. ಆದ್ದರಿಂದ ಅವನು ಚೆನ್ನಾಜಿಯ ಕಡೆ. ಬಂದರಿನ ಅಕ್ಕಿ, ಮೆಣಸಿನ ವ್ಯಾಪಾರಿಗಳಿಗೆ ಘಟ್ಟದ ಮೇಲೆ ಕಟ್ಟುವ ಸುಂಕ ತಪ್ಪಿದರೆ ಸಾಕು, ಅವರು ದುಗ್ಗಣ್ಣನ ಹಿಂದೆ. ಸಂಬಳದ ಬಾಕಿಯನ್ನು ಬೊಕ್ಕಸಿಗನೇ ತೀರಿಸಿಬಿಟ್ಟರೆ ಸಿಪಾಯಿಗಳು ಯಾವ ಕಡೆ? ಈ ಪ್ರಶ್ನೆ ಎದ್ದ ಕ್ಷಣದಿಂದ ಕತೆ ತಾನಾಗಿ ಹೆಜ್ಜೆ ಇಡುತ್ತದೆ.

ಹಕ್ಕುದಾರರೂ ತಮ್ಮ ವಾದ ಬದಲಿಸುತ್ತಾರೆ. ಸ್ಕಾಟ್ಲೆಂಡಿನ ಮೊಕದ್ದಮೆಯಲ್ಲಿ ರಾಜ್ಯವನ್ನು ಹಂಚಲಾಗದು, ಅದು ಪೂರ್ತಿಯಾಗಿ ತನಗೇ ಬರಬೇಕು ಎಂದಿದ್ದ ಬ್ರೂಸ್, ತೀರ್ಪು ಕೈತಪ್ಪುತ್ತದೆ ಎಂದು ಕಂಡಾಗ ಹೇಸ್ಟಿಂಗ್ಸ್‌ನ ವಾದಕ್ಕೆ ಹಾರಿ ಮೂರನೇ ಒಂದು ಪಾಲು ಕೇಳಿದ. ನಮ್ಮ ಬೊಮ್ಮರಸನೂ ಸೋಲುವ ಹೊತ್ತಿಗೆ ಕರಾವಳಿಯ ಕರಾರನ್ನು ಎತ್ತಿ ಹಿಡಿದು, ಸೀಮೆ ದುಗ್ಗಣ್ಣನಿಗೆ ಹೋಗಲಿ, ಮೇಲಿನದು ನನಗಿರಲಿ ಎನ್ನಬಹುದು.

ಇಷ್ಟಾದ ಮೇಲೆ ಗಡಿಯಾರ ಬೇಕು, ನಕ್ಷೆ ಬೇಕು. ಇಂಗ್ಲೆಂಡಿನ ಒಂದನೇ ಹೆನ್ರಿ 1135ರ ಡಿಸೆಂಬರ್ 1ರಂದು ಸತ್ತ. ಮಗಳು ಮಟಿಲ್ಡಾಳನ್ನೇ ಒಪ್ಪುತ್ತೇವೆಂದು ಸರದಾರರು ಮೊದಲೇ ಆಣೆ ಮಾಡಿದ್ದರು. ಆಣೆ ಮಾಡಿದವರಲ್ಲಿ ಒಬ್ಬನಾದ ಸೋದರಳಿಯ ಸ್ಟೀಫನ್ ಕಡಲು ದಾಟಿ ಲಂಡನ್ನಿಗೆ ಬಂದು, ವಿಂಚೆಸ್ಟರ್‌ನ ಭಂಡಾರ ಹಿಡಿದು, ಮೂರು ವಾರದೊಳಗೆ ಕಿರೀಟ ಧರಿಸಿದ. ಮಟಿಲ್ಡಾ ಆಗ ಕಡಲಿನ ಆಚೆ ದಡದಲ್ಲಿದ್ದಳು. ತುಂಬೆನಾಡಿನಲ್ಲಿ ರಾಜಮುದ್ರೆ ಯಾರ ಬಳಿ ಇದೆ, ಪಟ್ಟ ಕಟ್ಟುವ ಗುಡಿ ರಾಜಧಾನಿಯಿಂದ ಎಷ್ಟು ದಿನದ ಹಾದಿ, ಬಂದರಿಗೆ ಸುದ್ದಿ ಮುಟ್ಟಲು ಘಟ್ಟದ ದಾರಿಯಲ್ಲಿ ಎಷ್ಟು ಹೊತ್ತು ಬೇಕು, ಚೆನ್ನಾಜಿಯ ಹೆರಿಗೆ ಕೋಣೆಯ ಬಾಗಿಲಲ್ಲಿ ಯಾರ ಕಾವಲಿದೆ, ಸೂಲಗಿತ್ತಿಯನ್ನು ಕಳಿಸಿದವರು ಯಾರು: ಇವನ್ನು ಬರೆದಿಟ್ಟುಕೊಳ್ಳದೆ ಮೊದಲ ಅಧ್ಯಾಯ ಶುರುಮಾಡಬಾರದು.

ಹೊರಗಿನ ತೀರ್ಪುಗಾರನ ವಿಷಯವೂ ಉಳಿದಿದೆ. ಸ್ಕಾಟರು ಇಂಗ್ಲೆಂಡಿನ ಒಂದನೇ ಎಡ್ವರ್ಡ್‌ನನ್ನು ನ್ಯಾಯ ಹೇಳಲು ಕರೆದರು. ಅವನು ಮೊದಲು ತನ್ನನ್ನು ಅಧಿರಾಜನೆಂದು ಒಪ್ಪಿಕೊಳ್ಳಿ ಎಂದ, ಹಕ್ಕುದಾರರು ಒಪ್ಪಿದರು. 104 ಮಂದಿ ಪಂಚರು ಕೂತರು, 40 ಜನ ಬೇಲಿಯಲ್ ಹೆಸರಿಸಿದವರು, 40 ಜನ ಬ್ರೂಸ್ ಕಡೆಯವರು, 24 ಜನ ಎಡ್ವರ್ಡ್‌ನವರು. 1292ರ ನವೆಂಬರ್ 17ರಂದು ಬೇಲಿಯಲ್ ಗೆದ್ದ. ವಿಚಾರಣೆ ಕ್ರಮಬದ್ಧವಾಗಿಯೇ ನಡೆದಿತ್ತು, ಆದರೆ ದೇಶ ಕೊಟ್ಟ ಶುಲ್ಕ ಅದರ ಸ್ವಾತಂತ್ರ್ಯ. ನಮ್ಮಲ್ಲಿ 1824ರ ಕಿತ್ತೂರಿನ ನೆನಪು ಇನ್ನೂ ಹಸಿಯಾಗಿದೆ: ಮಕ್ಕಳಿಲ್ಲದೆ ತೀರಿಕೊಂಡ ದೇಸಾಯಿ ಶಿವಲಿಂಗರುದ್ರಸರ್ಜನ ದತ್ತುಮಗನನ್ನು ಕಂಪನಿಯ ಅಧಿಕಾರಿ ಥ್ಯಾಕರೆ ಮಾನ್ಯ ಮಾಡಲಿಲ್ಲ, ಚೆನ್ನಮ್ಮ ಮಣಿಯಲಿಲ್ಲ. ದತ್ತು ಮನೆಯೊಳಗೆ ಸಿಂಧುವಾಗಿದ್ದರೆ ಸಾಲದು, ಬಲಾಢ್ಯನೊಬ್ಬ ಅದನ್ನು ಒಪ್ಪಬೇಕು ಎಂಬ ಸ್ಥಿತಿಯೇ ಒಂದು ರಾಜ್ಯದ ಬಲಹೀನತೆಯನ್ನು ಹೇಳುತ್ತದೆ. ತುಂಬೆನಾಡಿನ ನೆರೆಯಲ್ಲೂ ಅಂಥ ಒಬ್ಬ ಚಕ್ರವರ್ತಿಯಿರಲಿ. ಮೂವರಲ್ಲಿ ಮೊದಲು ಅವನ ಬಾಗಿಲು ತಟ್ಟುವವರು ಯಾರು ಎಂದು ನಿರ್ಧರಿಸಿ.

ಕಟ್ಟಿದ್ದು ಗಟ್ಟಿಯಾಗಿದೆಯೇ ಎಂದು ನೋಡಲು ನನಗೆ ಗೊತ್ತಿರುವ ಉಪಾಯ ಒಂದೇ. ಮೂವರ ಪರವಾಗಿಯೂ ಒಂದೊಂದು ಪುಟದ ಮನವಿ ಬರೆಯಬೇಕು, ಒಂದು ಸುಳ್ಳೂ ಇಲ್ಲದೆ. ಯಾರದ್ದಾದರೂ ಮನವಿಗೆ ಸುಳ್ಳು ಬೇಕೇ ಬೇಕು ಎಂದಾದರೆ, ದೋಷ ಆ ಪಾತ್ರದಲ್ಲಿಲ್ಲ, ಕಾನೂನಿನಲ್ಲಿದೆ, ಶಾಸನವನ್ನು ತಿದ್ದಬೇಕು. ಬಳಿಕ ಮೂರೂ ಪುಟಗಳನ್ನು ಕತೆ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು ಓದಿಸಬೇಕು. ಅವರು ತಡಮಾಡದೆ ಒಬ್ಬನನ್ನು ಆರಿಸಿಬಿಟ್ಟರೆ ಉಳಿದಿಬ್ಬರ ಹಕ್ಕನ್ನು ಇನ್ನಷ್ಟು ಬಲಪಡಿಸಬೇಕು.

ಪಟ್ಟಾಭಿಷೇಕದಲ್ಲಿ ಕತೆ ನಿಲ್ಲಿಸುವ ಆಸೆಯನ್ನು ಮಾತ್ರ ದಯವಿಟ್ಟು ಬಿಡಿ. ಬೇಲಿಯಲ್ ಆಳಿದ್ದು ನಾಲ್ಕು ವರ್ಷವೂ ಅಲ್ಲ. 1296ರಲ್ಲಿ ಎಡ್ವರ್ಡ್ ಅವನನ್ನು ಇಳಿಸಿದ, 1306ರಲ್ಲಿ ಸೋತವನ ಮೊಮ್ಮಗ ಇನ್ನೊಬ್ಬ ರಾಬರ್ಟ್ ಬ್ರೂಸ್ ಪಟ್ಟವೇರಿದ. ಹೆಣ್ಣಿಗೆ ಪಟ್ಟ ಸಲ್ಲದೆಂದು ಹೇಳಿಸಿದ ಫ್ರಾನ್ಸಿನ ಫಿಲಿಪ್ 1322ರಲ್ಲಿ ಸತ್ತಾಗ ಅವನಿಗೆ ಉಳಿದಿದ್ದದ್ದು ಹೆಣ್ಣುಮಕ್ಕಳೇ, ಅವರಲ್ಲಿ ಯಾರಿಗೂ ಪಟ್ಟ ಸಿಗಲಿಲ್ಲ. ಅದು ಅವನ ತಮ್ಮನಿಗೆ ಹೋಯಿತು.