ಬಾರದವರಿಗೊಂದು ಹಾಳೆ

ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರು ನಮ್ಮ ಕಾಲೇಜಿನ ಪತ್ರಿಕೋದ್ಯಮ ವಿಭಾಗಕ್ಕೆ ಬಂದು ಹಾವು ಕಡಿತದ ಬಗ್ಗೆ 70 ನಿಮಿಷ ಮಾತಾಡಿದರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದೆ. ಹಾಗಾಗಿ ನಾಳೆ ಜಿಲ್ಲಾ ಸುದ್ದಿ ಬರೆಯುವ ಹುಡುಗರಿಗೆ ಈ ವಿಷಯ ಗೊತ್ತಿರಲಿ ಎಂದೇ ಅವರನ್ನು ಕರೆಸಿದ್ದೆವು. ಆದರೆ ಅದೇ ದಿನ ತರಗತಿಯ 14 ಮಂದಿ ಕ್ರೀಡಾಕೂಟಕ್ಕೆ ಹೋಗಿದ್ದರು. ವೈದ್ಯರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆವು. ಅದರಿಂದ ಬಾರದವರಿಗಾಗಿ ಎರಡು ಪುಟದ ಟಿಪ್ಪಣಿ ತಯಾರಿಸುವ ಕೆಲಸವನ್ನು ಇಬ್ಬರು ವಿದ್ಯಾರ್ಥಿನಿಯರಿಗೆ ಒಪ್ಪಿಸಿದೆ.

ರೆಕಾರ್ಡಿಂಗನ್ನೇ ಎಲ್ಲರಿಗೂ ಕಳಿಸಿದರೆ ಸಾಲದೇ ಎಂದು ಅವರು ಕೇಳಿದರು. ಕಳಿಸಬಹುದು, ಆದರೆ 70 ನಿಮಿಷ ಕೂತು ಕೇಳುವವರು ಇಬ್ಬರೋ ಮೂವರೋ. ನಿಮಿಷಕ್ಕೆ 100 ಪದದಂತೆ ಲೆಕ್ಕ ಹಾಕಿದರೂ ಅಲ್ಲಿ 7,000 ಪದಗಳಿವೆ. ಎ4 ಹಾಳೆಯ ಎರಡು ಮಗ್ಗುಲಿಗೆ ಓದಲು ಹಿತವಾಗುವ ಅಕ್ಷರದಲ್ಲಿ ಹಿಡಿಯುವುದು ಆರೇಳು ನೂರು ಪದ. ಹತ್ತರಲ್ಲಿ ಒಂಬತ್ತು ಪಾಲು ಬಿಡಬೇಕು. ಬಿಡುವುದು ಕಷ್ಟವಲ್ಲ. ಉಳಿದ ಒಂದು ಪಾಲು, ಆ ದಿನ ಅಲ್ಲಿರದವರಿಗೆ ತಾನಾಗಿಯೇ ಅರ್ಥವಾಗಬೇಕು, ತಪ್ಪಾಗಿ ಅರ್ಥವಾಗಬಾರದು. ಕಷ್ಟವೆಲ್ಲ ಅಲ್ಲಿದೆ. ತರಗತಿಯಲ್ಲಿ ಕೂತು ನಮಗಾಗಿ ಬರೆದುಕೊಂಡ ನೋಟ್ಸಿಗೂ ಇದಕ್ಕೂ ಇರುವ ವ್ಯತ್ಯಾಸವೂ ಅದೇ. ನೋಟ್ಸಿನ ಅರ್ಧ ವಾಕ್ಯವನ್ನು ನಮ್ಮ ನೆನಪು ಪೂರ್ತಿ ಮಾಡಿಕೊಳ್ಳುತ್ತದೆ, ಬಾರದವರಿಗೆ ಆ ನೆನಪಿಲ್ಲ.

ಇಬ್ಬರೂ ಮೊದಲ ಸಂಜೆಯೇ ಮಾತನ್ನೆಲ್ಲ ಅಕ್ಷರಕ್ಕಿಳಿಸಲು ಹೊರಟರು. ಎರಡು ಗಂಟೆ ಕಳೆದಾಗ ಇಪ್ಪತ್ತು ನಿಮಿಷದಷ್ಟು ಮುಗಿದಿತ್ತು. ಅದನ್ನು ನಿಲ್ಲಿಸಿ, ಪೂರ್ತಿ ಭಾಷಣವನ್ನು ಒಮ್ಮೆ ಎಲ್ಲಿಯೂ ತಡೆಯದೆ ಕೇಳಿ ಎಂದೆ. ಕೈಯಲ್ಲಿ ಒಂದು ಹಾಳೆ, ಅದರ ಎಡಕ್ಕೆ ನಿಮಿಷ, ಬಲಕ್ಕೆ ಐದಾರು ಪದ, ಅಷ್ಟೇ. ಎರಡನೇ ಸಲ ಬೇಕಾದ ಜಾಗಗಳಿಗೆ ಮಾತ್ರ ಹೋಗಿ ಪದಕ್ಕೆ ಪದ ಬರೆದುಕೊಂಡರಾಯಿತು. ಕಂಪ್ಯೂಟರಿನಲ್ಲಿ VLC ಇದ್ದರೆ `Shift` ಒತ್ತಿಕೊಂಡು ಎಡಬಾಣದ ಕೀಲಿ ತಟ್ಟಿದಾಗಲೆಲ್ಲ ಮೂರು ಸೆಕೆಂಡು ಹಿಂದಕ್ಕೆ ಹೋಗುತ್ತದೆ, ಗೊಣಗಿದಂತಿರುವ ಒಂದು ಪದವನ್ನು ನಾಲ್ಕಾರು ಸಲ ಕೇಳಲು ಅಷ್ಟು ಸಾಕು.

ಹಾಗೆ ಕೇಳಿದ ಮೇಲೆ ಭಾಷಣದ ನಡೆ ಕಾಣಿಸಿತು. ವೈದ್ಯರು ಮೊದಲು ತಮ್ಮ ಬಾಲ್ಯದ ನೆನಪು ಹೇಳಿ, ನಾಲ್ಕು ವಿಷದ ಹಾವುಗಳನ್ನು ಪರಿಚಯಿಸಿ, ಆಸ್ಪತ್ರೆಯಲ್ಲಿ ನಡೆಯುವುದನ್ನು ವಿವರಿಸಿದ್ದರು. ಹಾವು ಕಚ್ಚಿದ ಕೂಡಲೇ ಮನೆಯವರು ಏನು ಮಾಡಬೇಕೆಂಬ ಮಾತು ಬಂದದ್ದು 34ನೇ ನಿಮಿಷಕ್ಕೆ. ಎದುರಿಗೆ ಜನ ಕೂತಿರುವಾಗ ಆ ಕ್ರಮ ಸರಿ, ಕುತೂಹಲ ಬೆಳೆಸಿ ಮುಖ್ಯ ಮಾತಿಗೆ ಬರಬೇಕು. ಹಾಳೆಗೆ ಅದು ಸಲ್ಲದು. ಓದುವವರು ಎರಡನೇ ಪುಟ ತಿರುಗಿಸದೆಯೇ ಬಿಡಬಹುದು, ಹಾಗಾಗಿ 34ನೇ ನಿಮಿಷದ ಮಾತು ಹಾಳೆಯ ನೆತ್ತಿಗೆ ಬಂತು.

ಅಲ್ಲೇ ಮೊದಲ ದೊಡ್ಡ ತಪ್ಪೂ ಆಯಿತು. ಕಡಿದ ಜಾಗದ ಮೇಲೆ ಹಗ್ಗವನ್ನೋ ಬಟ್ಟೆಯನ್ನೋ ಬಿಗಿಯಾಗಿ ಕಟ್ಟಬೇಡಿ ಎಂದು ವೈದ್ಯರು 36ನೇ ನಿಮಿಷದಲ್ಲಿ ಹೇಳಿದ್ದರು. ರಕ್ತದ ಓಟ ನಿಂತು ಕೈಕಾಲೇ ಹಾಳಾಗಬಹುದು ಎಂಬುದು ಕಾರಣ. ಒಂದು ರೋಗಿಯ ಕತೆ ನಡುವೆ ಬಂತು. ಆಮೇಲೆ 41ನೇ ನಿಮಿಷದಲ್ಲಿ, ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ವೈದ್ಯರ ಮುಂದೆಯೇ ಬಿಚ್ಚಿಸಿ ಎಂದರು. ಒಮ್ಮೆಲೇ ಬಿಚ್ಚಿದರೆ ಅಲ್ಲಿಯವರೆಗೆ ತಡೆದಿದ್ದ ವಿಷ ಒಟ್ಟಿಗೇ ಮೈಗೆ ನುಗ್ಗುವ ಅಪಾಯವಿದೆ. ವಿದ್ಯಾರ್ಥಿನಿಯರ ಮೊದಲ ಕರಡಿನಲ್ಲಿ ಇವೆರಡೂ ಕೂಡಿ ಒಂದೇ ಸಾಲಾಗಿತ್ತು: "ಬಟ್ಟೆ ಕಟ್ಟುವುದು, ಬಿಚ್ಚುವುದು ವೈದ್ಯರ ಕೆಲಸ." ಓದಲು ಚೊಕ್ಕಟವಾಗಿದೆ. ಆದರೆ ವೈದ್ಯರೂ ಕಟ್ಟುತ್ತಾರೆ ಎಂಬ ಅರ್ಥ ಬಂತು, ಎರಡೂ ಕಾರಣಗಳು ಮಾಯವಾದವು. ಚಿಕ್ಕದು ಮಾಡುವಾಗ ಮೊದಲು ಉದುರುವುದು 'ಬೇಡ' ಎಂಬ ಪದ ಮತ್ತು 'ಇದ್ದರೆ' ಎಂಬ ಷರತ್ತು, ಏಕೆಂದರೆ ಎರಡೂ ಪುಟ್ಟವು. ಅವು ಉದುರಿದರೆ ಉಳಿದದ್ದು ಸುಳ್ಳಾಗುತ್ತದೆ. ಅದಕ್ಕೆಂದೇ ಕರಡಿನ ಪ್ರತಿಯೊಂದು ಬೇಕು-ಬೇಡಕ್ಕೂ ಗೆರೆ ಎಳೆದು, ಆ ನಿಮಿಷಕ್ಕೆ ಹಿಂತಿರುಗಿ ಮತ್ತೆ ಕೇಳಿಸಿಕೊಳ್ಳಬೇಕೆಂದು ಹೇಳಿದೆ. ಕೊನೆಗೆ ಆ ಭಾಗ ಹೀಗಾಯಿತು:

"ಕಡಿದ ಜಾಗದ ಮೇಲೆ ಬಿಗಿಯಾಗಿ ಏನನ್ನೂ ಕಟ್ಟಬೇಡಿ, ರಕ್ತದ ಓಟ ನಿಂತು ಕೈ ಅಥವಾ ಕಾಲು ಹಾಳಾಗಬಹುದು. ಬೇರೆ ಯಾರಾದರೂ ಆಗಲೇ ಬಿಗಿಯಾಗಿ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ವೈದ್ಯರ ಎದುರಿಗೇ ಬಿಚ್ಚಿಸಿ. ಕುಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು ಬೇಡ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ."

ಮೂಲದಲ್ಲಿ ಇದು ಏಳು ನಿಮಿಷದ ಮಾತು. ಕತೆ ಹೋಯಿತು, ಕಾರಣ ಉಳಿಯಿತು.

ಎರಡನೇ ತಪ್ಪು ಅಂಕಿಯದು. ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಡಿತದಿಂದ ಸತ್ತವರು 1.2 ಮಿಲಿಯನ್, ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜನ್ನು ವೈದ್ಯರು ಹೇಳಿದ್ದರು. ಕರಡಿನಲ್ಲಿ "ವರ್ಷಕ್ಕೆ 1.2 ಲಕ್ಷ" ಎಂದಿತ್ತು. ಮಿಲಿಯನ್ ಎಂಬುದು ಲಕ್ಷವಾಗಿ ಬರೆಯುವ ಕೈಗೆ ಸಿಕ್ಕಿತ್ತು, ಇಪ್ಪತ್ತು ವರ್ಷ ಕಳೆದುಹೋಗಿತ್ತು. ಇದನ್ನು ಹಿಡಿಯಲು ವಿಷಯದ ಪಂಡಿತರಾಗಬೇಕಿಲ್ಲ. ಒಂದು ಅಂಕಿಯನ್ನು ಪಕ್ಕದ ಅಂಕಿಯ ಜೊತೆ ತೂಗಿ ನೋಡಿದರೆ ಸಾಕು. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, 1.2 ಮಿಲಿಯನ್ ಎಂದರೆ 12 ಲಕ್ಷ. ಇಪ್ಪತ್ತರಿಂದ ಭಾಗಿಸಿದರೆ 60,000, ಅವರೇ ಹೇಳಿದ 58,000ಕ್ಕೆ ಹತ್ತಿರ. ಎರಡೂ ಹೊಂದುತ್ತವೆ, ಕರಡಿನ ಅಂಕಿ ಮಾತ್ರ ಹೊಂದುವುದಿಲ್ಲ. ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಬರುವ ಜಾಗದಲ್ಲೆಲ್ಲ ಹೀಗೆ ಗುಣಿಸಿ ಭಾಗಿಸಿ ನೋಡಲೇಬೇಕು.

ಕಿವಿಗೆ ಸಿಗದೇ ಹೋದದ್ದೂ ಇತ್ತು. 38ನೇ ನಿಮಿಷದಲ್ಲಿ ವೈದ್ಯರು ಒಬ್ಬ ಹುಡುಗನನ್ನು ಮುಂದೆ ಕರೆದು, ಅವನ ಕೈಗೆ ಸ್ಕೇಲು ಆನಿಸಿ, ಶಾಲಿನಿಂದ ಸುತ್ತಿ ತೋರಿಸಿದ್ದರು. ರೆಕಾರ್ಡಿಂಗಿನಲ್ಲಿ ಉಳಿದದ್ದು "ಹೀಗೆ... ಇಲ್ಲಿಂದ... ಇಷ್ಟು ಸಡಿಲ" ಎಂಬ ಮೂರು ತುಣುಕು ಮತ್ತು ನಗು. ಬಿಗಿಯಾಗಿ ಕಟ್ಟಬೇಡಿ ಎಂದ ಹಾಳೆಯಲ್ಲೇ ಶಾಲು ಸುತ್ತಿ ಎಂದು ಬರೆದರೆ ಓದುವವರು ಗಲಿಬಿಲಿಗೊಳ್ಳುತ್ತಾರೆ. ಆ ಹುಡುಗನನ್ನೇ ಕರೆದು ಕೇಳಿದೆವು. "ಬೆರಳು ತೂರಿಸಿ ನೋಡಿದ್ರು ಮೇಡಂ, ಆರಾಮಾಗಿ ಹೋಗ್ತಿತ್ತು" ಎಂದ. ಹಾಗಾಗಿ "ಕೈ ಅಥವಾ ಕಾಲು ಅಲುಗಾಡದಂತೆ ಸ್ಕೇಲು ಅಥವಾ ಕೋಲು ಆನಿಸಿ, ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿ ಬಟ್ಟೆ ಸುತ್ತಿ" ಎಂಬ ಸಾಲು ಬಂತು. ರೆಕಾರ್ಡಿಂಗಿನಲ್ಲಿ 'ಇದು', 'ಹೀಗೆ', 'ಇಲ್ಲಿ ನೋಡಿ' ಎಂದು ಬಂದ ಕಡೆಯೆಲ್ಲ ಏನೋ ಒಂದನ್ನು ಕಣ್ಣು ಕಂಡಿದೆ ಎಂದೇ ಅರ್ಥ. ಅದನ್ನು ಕಂಡವರು ಮರೆಯುವ ಮುನ್ನ, ಅಂದರೆ ಎರಡು ಮೂರು ದಿನದೊಳಗೆ, ಕೇಳಿ ತುಂಬಿಕೊಳ್ಳಬೇಕು.

ನನಗೆ ಅತ್ಯಂತ ಅಮೂಲ್ಯವೆನಿಸಿದ್ದು ಕೊನೆಯ ಹದಿನಾಲ್ಕು ನಿಮಿಷದ ಪ್ರಶ್ನೋತ್ತರ. ಮುಖ್ಯ ಭಾಷಣ 56ನೇ ನಿಮಿಷಕ್ಕೇ ಮುಗಿಯಿತು ಎಂದು ವಿದ್ಯಾರ್ಥಿನಿಯರು ಅದನ್ನು ಬಿಟ್ಟಿದ್ದರು. ಭಾಷಣದ ನಡುವೆ ವೈದ್ಯರು, ಕಚ್ಚಿದ್ದು ಯಾವ ಹಾವಾದರೇನು, ಔಷಧ ಒಂದೇ, ಹಾವನ್ನು ಹಿಡಿದು ತರುತ್ತ ಹೊತ್ತು ಕಳೆಯಬೇಡಿ ಎಂದಿದ್ದರು. ಆ ಸಲಹೆ ಸರಿ. ಆದರೆ 63ನೇ ನಿಮಿಷದಲ್ಲಿ ಮಲೆನಾಡಿನ ಹುಡುಗಿಯೊಬ್ಬಳು, ನಮ್ಮ ಕಾಫಿತೋಟದ ಹಾವಿಗೂ ಅದೇ ಔಷಧವೇ ಎಂದು ಕೇಳಿದಳು. ವೈದ್ಯರು ತಮ್ಮ ಮಾತನ್ನು ತಿದ್ದಿಕೊಂಡರು. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ. ಪಶ್ಚಿಮ ಘಟ್ಟದ ಉಬ್ಬುಮೂಗಿನ ಗುಳಿಮಂಡಲದ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ, ಆಗ ಆಸ್ಪತ್ರೆಯಲ್ಲಿ ಬೇರೆ ರೀತಿಯ ಆರೈಕೆ ಬೇಕಾಗುತ್ತದೆ. ಹಾಳೆಯಲ್ಲಿ ಮೊದಲ ಮಾತಷ್ಟೇ ಇದ್ದಿದ್ದರೆ ಪೂರ್ತಿ ಭಾಷಣ ಕೇಳಿದವರಿಗಿಂತ ಹಾಳೆ ಓದಿದವರು ತಪ್ಪು ತಿಳಿದಿರುತ್ತಿದ್ದರು. ತಿದ್ದುಪಡಿಯನ್ನು ಬೇರೆ ಶೀರ್ಷಿಕೆಯ ಕೆಳಗೆ ಇಡಬೇಡಿ, ಮೂಲ ಮಾತಿನ ಪಕ್ಕದಲ್ಲೇ ಸೇರಿಸಿ ಎಂದೆ.

ಏನನ್ನು ಬಿಡಬೇಕೆಂಬ ಬಗ್ಗೆ ನಮ್ಮ ನಡುವೆ ಒಂದೇ ಒಂದು ಜಗ್ಗಾಟವಾಯಿತು. ಎರಡು ಮಿಲಿಲೀಟರ್ ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ಹೆಪ್ಪುಗಟ್ಟಿದೆಯೇ ಎಂದು ನೋಡುವ ಪರೀಕ್ಷೆಯನ್ನು ವೈದ್ಯರು ವಿವರಿಸಿದ್ದರು. ನಾವೇನು ದಾದಿಯರೇ, ಇದು ಬೇಡ ಎಂದಳು ಒಬ್ಬಳು. ಉಳಿಸಬೇಕೆಂದೆ, ಒಂದೇ ಸಾಲಿನಲ್ಲಿ. ರೋಗಿಯ ಕಡೆಯವರು ಏನೂ ಮಾಡದೆ ಕಾಯಿಸುತ್ತಿದ್ದಾರೆ ಎಂದು ಆಸ್ಪತ್ರೆಯಲ್ಲಿ ಗಲಾಟೆ ಮಾಡುವುದು ಬಹುಪಾಲು ಈ ಇಪ್ಪತ್ತು ನಿಮಿಷದಲ್ಲೇ ಎಂದು ವೈದ್ಯರು ನೊಂದು ಹೇಳಿದ್ದರು, ಪರೀಕ್ಷೆಯ ಮಾತು ಬಂದದ್ದೇ ಅದಕ್ಕೆ. ವರದಿಗಾರರಿಗೆ ಬೇಕಾದ ಸಂಗತಿ ಅದು. ರೋಗಿಗಳ ಕತೆಗಳನ್ನು ಮಾತ್ರ ಒಂದೂ ಬಿಡದೆ ತೆಗೆದೆವು. ಹಳ್ಳಿಯ ಹೆಸರು, ವಯಸ್ಸು, ಬೆಳೆ ಕೇಳಿದರೆ ಅವರ ಮನೆಯನ್ನೇ ಗುರುತಿಸಬಹುದಿತ್ತು. ತರಗತಿಯ ಗೋಡೆಯೊಳಗೆ ಹೇಳಿದ ಮಾತು ಜೆರಾಕ್ಸ್ ಆಗಿ ಊರೂರು ತಿರುಗುವುದಕ್ಕಲ್ಲ.

ಕರಡನ್ನು ವೈದ್ಯರಿಗೆ ಕಳಿಸಿದೆವು, ಖಚಿತವಿಲ್ಲದ ಮೂರು ಜಾಗದ ಪಕ್ಕ ಪ್ರಶ್ನೆ ಗುರುತು ಹಾಕಿ. ಬಿಡುವಿಲ್ಲದವರಿಗೆ ಹೀಗೆ ಗುರುತು ಮಾಡಿ ಕಳಿಸಿದರೆ ಉತ್ತರ ಬೇಗ ಬರುತ್ತದೆ. ಅವರು ಮೂರಕ್ಕೂ ಉತ್ತರಿಸಿ, ನಾವು ಕೇಳದ ಇನ್ನೊಂದನ್ನೂ ತಿದ್ದಿದರು. "ಕೂಡಲೇ ಆಸ್ಪತ್ರೆಗೆ ಹೋಗಿ" ಎಂಬಲ್ಲಿ "ಪ್ರತಿವಿಷ ಇರುವ ಆಸ್ಪತ್ರೆಗೆ, ಗೊತ್ತಿಲ್ಲದಿದ್ದರೆ 108ಕ್ಕೆ ಕರೆ ಮಾಡಿ ಕೇಳಿ" ಎಂದು ಸೇರಿಸಿದ್ದರು. ಪ್ರತಿ ಭಾಗದ ಅಂಚಿನಲ್ಲಿ ರೆಕಾರ್ಡಿಂಗಿನ ನಿಮಿಷವನ್ನೂ ಹಾಕಿದೆವು, ಬೇಕಾದವರು ಆ ಜಾಗವನ್ನಷ್ಟೇ ಕೇಳಲಿ ಎಂದು.

ಹದಿನಾಲ್ಕು ಪ್ರತಿ ಮಾಡಿಸುವ ಮುಂಚೆ, ಕ್ರೀಡಾಕೂಟಕ್ಕೆ ಹೋಗಿದ್ದ ಒಬ್ಬ ಹುಡುಗನನ್ನು ಕೂರಿಸಿ ಹಾಳೆಯನ್ನು ಗಟ್ಟಿಯಾಗಿ ಓದಿಸಿದೆವು. ಕಟ್ಟುಹಾವು ಕಚ್ಚಿದರೆ ನೋವು, ಊತ ಹೆಚ್ಚಾಗಿ ಇರುವುದಿಲ್ಲ ಎಂಬ ಸಾಲಿಗೆ ಬಂದು ನಿಂತ. "ಹಂಗಾದ್ರೆ ಕಚ್ಚಿದೆ ಅಂತ ಗೊತ್ತಾಗೋದು ಹೇಗೆ ಮೇಡಂ?" ಬರೆದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ 17ನೇ ನಿಮಿಷದಲ್ಲಿತ್ತು, ಅವರಿಗೆ ಗೊತ್ತೂ ಇತ್ತು, ಗೊತ್ತಿದ್ದುದರಿಂದಲೇ ಹಾಳೆಯಲ್ಲಿ ಬಿಟ್ಟುಹೋಗಿತ್ತು. ಆ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿತು: "ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆ ಜೋಲತೊಡಗಿದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೊರಡಿ."