‘ಮುಂಗಡಕ್ಕೆ ಬಡ್ಡಿ ಹಾಕ್ಬೇಕು’ ಅಂದರೆ ಎಷ್ಟು?

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಸಾಫ್ಟ್‌ವೇರ್ ಬೇಕಾಗಿದೆ ಎಂದಿಟ್ಟುಕೊಳ್ಳಿ. ರೈತರು ತರುವ ರಾಶಿ, ಬೆಟ್ಟೆ, ಸರಕು, ಗೊರಬಲುಗಳ ತೂಕ, ದರ, ಕೊಟ್ಟ ಮುಂಗಡ ಎಲ್ಲವೂ ಇಷ್ಟು ದಿನ ಖಾತೆ ಪುಸ್ತಕದಲ್ಲಿತ್ತು, ಇನ್ನು ಕಂಪ್ಯೂಟರಿಗೆ ಬರಬೇಕು. ಮಂಡಿಯ ಯಜಮಾನರು, ಅವರ ಗುಮಾಸ್ತರು, ಸಾಫ್ಟ್‌ವೇರ್ ಮಾಡಿಕೊಡುವ ಹುಡುಗ ಮೂವರೂ ಕೂತು ಎರಡು ಗಂಟೆ ಮಾತಾಡುತ್ತಾರೆ. ‘ಮುಂಗಡಕ್ಕೆ ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿ ಹಾಕ್ಬೇಕು ನೋಡಪ್ಪ’ ಎನ್ನುತ್ತಾರೆ ಯಜಮಾನರು. ಹುಡುಗ ತಲೆಯಾಡಿಸಿ ಬರೆದುಕೊಳ್ಳುತ್ತಾನೆ. ಎಲ್ಲರಿಗೂ ಎಲ್ಲವೂ ಅರ್ಥವಾಗಿದೆ ಎಂಬ ಸಮಾಧಾನದಲ್ಲಿ ಕಾಫಿ ಕುಡಿದು ಏಳುತ್ತಾರೆ.

ಆ ಮಾತನ್ನು ಒಂದು ಲೆಕ್ಕಕ್ಕೆ ಹಚ್ಚಿ ನೋಡೋಣ. ರೈತರೊಬ್ಬರು ಜೂನ್ 10ರಂದು ₹50,000 ಮುಂಗಡ ಪಡೆದರು, ಸೆಪ್ಟೆಂಬರ್ 25ರಂದು ಅಡಿಕೆ ಮಾರಿ ಖಾತೆ ತೀರಿಸಿದರು. ಹುಡುಗ ಬ್ಯಾಂಕಿನ ರೀತಿಯಲ್ಲಿ ವರ್ಷಕ್ಕೆ 12 ಪರ್ಸೆಂಟ್ ಎಂದುಕೊಂಡು 107 ದಿನಕ್ಕೆ ಲೆಕ್ಕ ಹಾಕಿದರೆ ಬಡ್ಡಿ ₹1,759. ಗುಮಾಸ್ತರು ಪುಸ್ತಕದಲ್ಲಿ ಮೂರೂವರೆ ತಿಂಗಳು ಎಂದು ಹಿಡಿಯುವವರಾದರೆ ₹1,750. ತಿಂಗಳು ಶುರುವಾದರೆ ಪೂರ್ತಿ ತಿಂಗಳೇ ಎಂಬುದು ಯಜಮಾನರ ಪದ್ಧತಿಯಾದರೆ ನಾಲ್ಕು ತಿಂಗಳಿಗೆ ₹2,000. ಮೂವರೂ ‘ತಿಂಗಳಿಗೆ ಒಂದು ಪರ್ಸೆಂಟ್’ ಎಂದೇ ಹೇಳಿದ್ದರು, ಯಾರೂ ಸುಳ್ಳು ಹೇಳಿಲ್ಲ. ಆದರೆ ಒಂದೇ ಖಾತೆಯಲ್ಲಿ ₹250 ವ್ಯತ್ಯಾಸ. ಸಾಫ್ಟ್‌ವೇರ್ ತಯಾರಾಗಿ, ರೈತರ ಕೈಗೆ ಚೀಟಿ ಹೋದ ಮೇಲೆ ಇದು ಗೊತ್ತಾದರೆ ಜಗಳ ಮಂಡಿಯ ಬಾಗಿಲಲ್ಲೇ ಆಗುತ್ತದೆ.

ಮಾತುಕತೆಯ ಸಾರಾಂಶ ಬರೆದು, ಒಪ್ಪಿಗೆ ಕೇಳುವ ಕೆಲಸ ಇರುವುದು ಈ ಮೂರು ಉತ್ತರಗಳನ್ನು ಕೆಲಸಕ್ಕೆ ಮುಂಚೆಯೇ ಹೊರಗೆ ತರುವುದಕ್ಕೆ. ಮುಂದೆ ಕೋರ್ಟಿನಲ್ಲಿ ತೋರಿಸುವ ಕಾಗದ ಎಂದು ಬಹಳ ಜನ ತಿಳಿದಿದ್ದಾರೆ. ಆ ಉಪಯೋಗವೂ ಉಂಟು, ಅದು ಆಮೇಲಿನದು. ಗಿರಾಕಿ ಓದಿ ‘ಇಲ್ಲಪ್ಪ, ಹೀಗಲ್ಲ’ ಎಂದು ತಿದ್ದಿದರೆ ಆ ಸಾರಾಂಶ ಗೆದ್ದಂತೆಯೇ. ಹಾಗಾಗಿ ಅದನ್ನು ತಪ್ಪು ಹುಡುಕಲು ಸುಲಭವಾಗುವಂತೆ ಬರೆಯಬೇಕು. ‘ಮುಂಗಡ ಮತ್ತು ಬಡ್ಡಿಯ ವ್ಯವಸ್ಥೆ ಇರುತ್ತದೆ’ ಎಂದು ಬರೆದರೆ ಯಾರಾದರೂ ಹೂಂ ಎನ್ನುತ್ತಾರೆ. ಅದರಲ್ಲಿ ತಿದ್ದಲು ಏನೂ ಇಲ್ಲ.

ಮಾತಾಡಿದ ದಿನವೇ, ತಪ್ಪಿದರೆ ಮರುದಿನ ಬೆಳಗ್ಗೆ, ಗಿರಾಕಿ ಓದುವ ಭಾಷೆಯಲ್ಲಿ ಹೀಗೆ ಕಳಿಸಬಹುದು:

‘ಯಜಮಾನರಿಗೆ ನಮಸ್ಕಾರ. ನಿನ್ನೆ ಮಾತಾಡಿದ್ದನ್ನು ನಾನು ಅರ್ಥ ಮಾಡಿಕೊಂಡ ಹಾಗೆ ಬರೆದಿದ್ದೇನೆ. 1) ಬಡ್ಡಿ ತಿಂಗಳಿಗೆ 1 ಪರ್ಸೆಂಟ್. ದಿನದ ಲೆಕ್ಕವಿಲ್ಲ, 15 ದಿನದವರೆಗೆ ಅರ್ಧ ತಿಂಗಳು, ದಾಟಿದರೆ ಪೂರ್ತಿ ತಿಂಗಳು. ಜೂನ್ 10ಕ್ಕೆ ಕೊಟ್ಟ ₹50,000ಕ್ಕೆ ಸೆಪ್ಟೆಂಬರ್ 25ರವರೆಗೆ ₹1,750 ಬರುತ್ತದೆ. ನಿಮ್ಮ ಪುಸ್ತಕದಲ್ಲೂ ಇಷ್ಟೇ ಬರುತ್ತದೆಯೇ? 2) ರೈತರು ನಡುವೆ ಸ್ವಲ್ಪ ಹಣ ಕಟ್ಟಿದರೆ ಅದು ಮೊದಲು ಬಡ್ಡಿಗೋ, ಅಸಲಿಗೋ? ಇದು ನಿನ್ನೆ ತೀರ್ಮಾನವಾಗಲಿಲ್ಲ. 3) ಹಳೆಯ ವರ್ಷಗಳ ಖಾತೆಗಳನ್ನು ಏರಿಸುವುದು ಈ ಕೆಲಸದಲ್ಲಿ ಸೇರಿಲ್ಲ. ಈ ವರ್ಷದ ಬಾಕಿ ಮಾತ್ರ ಏರಿಸುತ್ತೇವೆ. ರೈತರ ಹೆಸರು ಮತ್ತು ಬಾಕಿಯ ಪಟ್ಟಿಯನ್ನು ನೀವು ಕೊಡಬೇಕು. ತಪ್ಪಿದ್ದರೆ ತಿದ್ದಿ ಕಳಿಸಿ. ಸರಿಯಿದ್ದರೆ “ಮೊದಲ ಪ್ರತಿಯನ್ನು ಓದಿ ಒಪ್ಪಿದ್ದೇನೆ” ಎಂದು ಉತ್ತರಿಸಿ. ಆ ಉತ್ತರ ಬಂದ ಮೇಲೆ ಕೆಲಸ ಶುರು ಮಾಡುತ್ತೇವೆ.’

ಇಲ್ಲಿ ಅತ್ಯಂತ ಬೆಲೆಬಾಳುವುದು ಅಂಕಿಯೇ. ನಿಯಮ ಓದುವಾಗ ಕಣ್ಣು ಜಾರಿಹೋಗುತ್ತದೆ. ಆದರೆ ₹1,750 ಎಂಬುದನ್ನು ನೋಡಿದ ಕೂಡಲೇ ಲೆಕ್ಕ ಬಲ್ಲ ಗುಮಾಸ್ತರು ಪುಸ್ತಕ ತೆಗೆಯುತ್ತಾರೆ. ಎರಡನೆಯ ಸಾಲೂ ಅಷ್ಟೇ ಮುಖ್ಯ. ತೀರ್ಮಾನವಾಗದ್ದನ್ನು ತೀರ್ಮಾನವಾಗಿಲ್ಲ ಎಂದೇ ಬರೆಯಬೇಕು. ಬರೆಯುವವನು ತನಗೆ ಸರಿ ಕಂಡ ಉತ್ತರವನ್ನು ಅಲ್ಲಿ ತುಂಬಿಸಿಬಿಟ್ಟರೆ ಗಿರಾಕಿ ಗಮನಿಸದೇ ಒಪ್ಪಿಬಿಡುವ ಸಂಭವ ಉಂಟು. ಅಂಥ ಒಪ್ಪಿಗೆ ಮುಂದೆ ಇಬ್ಬರಿಗೂ ಉಪಯೋಗಕ್ಕೆ ಬರುವುದಿಲ್ಲ. ಇನ್ನು ‘ಸೇರಿಲ್ಲ’ ಎಂಬ ಸಾಲು ಬರೆಯಲು ಸಂಕೋಚವಾಗುತ್ತದೆ, ಗಿರಾಕಿ ಬೇಜಾರಾದಾರು ಎಂದು. ಹತ್ತು ವರ್ಷದ ಖಾತೆ ಏರಿಸುವುದೂ ಇದೇ ಹಣದಲ್ಲಿ ಎಂದು ಅವರು ನಂಬಿಕೊಂಡು ಕೂತಿದ್ದರೆ ಆಗುವ ಬೇಜಾರು ಇದಕ್ಕಿಂತ ದೊಡ್ಡದು.

1872ರ ಭಾರತೀಯ ಒಪ್ಪಂದ ಕಾಯ್ದೆ ಒಪ್ಪಿಗೆಯನ್ನು ಹೇಗೆ ನೋಡುತ್ತದೆ ಎಂಬುದು ಈ ಮಂಡಿಯ ಲೆಕ್ಕಕ್ಕೆ ನೇರವಾಗಿ ಹೊಂದುತ್ತದೆ. ಅದರ 13ನೇ ಕಲಂ ಪ್ರಕಾರ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದ್ದರೆ ಮಾತ್ರ ಅದು ಸಮ್ಮತಿ. ಬಾಯಿಮಾತಿನ ಒಪ್ಪಂದಕ್ಕೂ ನಮ್ಮ ಕಾನೂನಿನಲ್ಲಿ ಬೆಲೆಯಿದೆ, ಅರ್ಥ ಒಂದೇ ಇತ್ತು ಎಂದು ತೋರಿಸುವುದೇ ಕಷ್ಟ. ಇಮೇಲಿನಲ್ಲಿ ಬಂದ ಒಪ್ಪಿಗೆಯೂ ನಡೆಯುತ್ತದೆ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದವನ್ನು ತಳ್ಳಿಹಾಕುವಂತಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಆಮೇಲೆ ಸೇರಿಸಿದ 10ಎ ಕಲಂ ಹೇಳುತ್ತದೆ. ಛಾಪಾ ಕಾಗದ, ರಬ್ಬರ್ ಸ್ಟ್ಯಾಂಪು ಇಂಥ ಸಣ್ಣ ಕೆಲಸಕ್ಕೆ ಬೇಕೆಂದೇನೂ ಇಲ್ಲ.

ಆದರೆ ಉತ್ತರದಲ್ಲಿ ಏನು ಬರೆದಿರಬೇಕು ಎಂಬುದನ್ನು ಕೇಳುವವನೇ ಹೇಳಿಕೊಡಬೇಕು. ವಾಟ್ಸಾಪಿನಲ್ಲಿ ಸಾರಾಂಶ ಕಳಿಸಿದರೆ ಹೆಬ್ಬೆರಳ ಚಿತ್ರವೊಂದು ಬರುತ್ತದೆ. ಅದು ‘ಒಪ್ಪಿದೆ’ ಎಂದೋ, ‘ತಲುಪಿತು, ಆಮೇಲೆ ನೋಡುತ್ತೇನೆ’ ಎಂದೋ? ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಗಿತ್ತು. ಅಗಸೆ ಬೀಜ ಮಾರುವ ಒಪ್ಪಂದದ ಫೋಟೋಕ್ಕೆ ರೈತರೊಬ್ಬರು ಹೆಬ್ಬೆರಳ ಚಿತ್ರ ಕಳಿಸಿದ್ದರು. ತಲುಪಿತು ಎಂದಷ್ಟೇ ತನ್ನ ಅರ್ಥ ಎಂಬುದು ಅವರ ವಾದ. ಹಿಂದಿನ ವ್ಯವಹಾರಗಳಲ್ಲೂ ಹೀಗೇ ಚುಟುಕು ಉತ್ತರ ಕೊಟ್ಟು ಮಾಲು ಕೊಟ್ಟಿದ್ದರಿಂದ ಇದೂ ಒಪ್ಪಿಗೆಯೇ ಎಂದು 2023ರಲ್ಲಿ ತೀರ್ಪಾಯಿತು. ಅವರು ಸುಮಾರು 82,000 ಕೆನಡಾ ಡಾಲರ್ ಪರಿಹಾರ ಕಟ್ಟಬೇಕಾಯಿತು. ಒಂದು ಪೂರ್ತಿ ವಾಕ್ಯ ಬರೆದುಕೊಡಿ ಎಂದು ಆಗಲೇ ಕೇಳಿದ್ದರೆ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ.

ಒಪ್ಪುವವರು ಯಾರು ಎಂಬುದನ್ನೂ ನೋಡಿಕೊಳ್ಳಬೇಕು. ಬಡ್ಡಿಯ ಪದ್ಧತಿ ಗುಮಾಸ್ತರಿಗೆ ಗೊತ್ತು, ಆದರೆ ಹಣ ಕೊಡುವವರು ಯಜಮಾನರು. ಗುಮಾಸ್ತರು ಓದಿ ತಿದ್ದಿದ ಮೇಲೆ ಯಜಮಾನರು ಒಪ್ಪಬೇಕು, ಇಬ್ಬರಿಗೂ ಹೋಗಿರುವುದು ಒಂದೇ ಪ್ರತಿಯಾಗಿರಬೇಕು. ತಿದ್ದಿದ ಪ್ರತಿಗೆ ‘ಎರಡನೇ ಪ್ರತಿ’ ಎಂದು ತಾರೀಖು ಹಾಕಿ ಮತ್ತೆ ಕಳಿಸಬೇಕು. ಇಲ್ಲದಿದ್ದರೆ ಯಾವುದನ್ನು ಒಪ್ಪಿದ್ದು ಎಂಬುದೇ ಹೊಸ ಜಗಳವಾಗುತ್ತದೆ.

‘ಏನಪ್ಪಾ, ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಯಜಮಾನರು ಕೇಳಿಯೇ ಕೇಳುತ್ತಾರೆ. ಅದಕ್ಕೆ ನಿಜವಾದ ಉತ್ತರವೇ ಇದೆ: ‘ನನ್ನ ತಿಳುವಳಿಕೆ ಮೇಲೇ ನನಗೆ ನಂಬಿಕೆ ಸಾಲದು ಯಜಮಾನ್ರೇ, ಅದಕ್ಕೇ ನೀವು ನೋಡಬೇಕು.’ ಎಷ್ಟೇ ಹಳೆಯ ರೈತರಾದರೂ ಅವರಿಗೆ ತೂಕದ ಚೀಟಿ ಕೊಡುವ ಮಂಡಿಯವರಿಗೆ ಈ ಮಾತನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರವೇ ಬಾರದಿದ್ದರೆ? ‘ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದ್ದೀರಿ ಎಂದುಕೊಳ್ಳುತ್ತೇವೆ’ ಎಂದು ಕೆಲವರು ಬರೆಯುತ್ತಾರೆ. ಅದನ್ನು ನೆಚ್ಚಬಾರದು. ಸಾಮಾನ್ಯವಾಗಿ ಮೌನವನ್ನು ಕಾನೂನು ಒಪ್ಪಿಗೆಯೆಂದು ಎಣಿಸುವುದಿಲ್ಲ, ಓದದೇ ಇದ್ದವರಿಂದ ತಪ್ಪೂ ಹೊರಗೆ ಬರುವುದಿಲ್ಲ. ಫೋನ್ ಮಾಡಿ, ಸಾಲು ಸಾಲಾಗಿ ಓದಿ ಹೇಳಿ, ಕೇಳಿದ ಉತ್ತರವನ್ನು ಮತ್ತೆ ಬರೆದು ಕಳಿಸುವುದು ವಾಸಿ. ಅಲ್ಲಿಯವರೆಗೆ ಸುಮ್ಮನೆ ಕೂರಬೇಕೆಂದಿಲ್ಲ. ರೈತರ ಹೆಸರು, ಊರು, ಫೋನ್ ನಂಬರು ತುಂಬಿಸುವ ಪುಟವನ್ನು ಮಾಡುತ್ತಿರಬಹುದು, ಅದು ಬಡ್ಡಿಯ ಮೇಲೆ ನಿಂತಿಲ್ಲ. ಮುಂಗಡದ ಪುಟವನ್ನು ಮಾತ್ರ ಎರಡನೇ ಸಾಲಿಗೆ ಉತ್ತರ ಬರುವ ತನಕ ಮುಟ್ಟಬಾರದು.